ನೂರರಲ್ಲಿ 59: ಈ ಸಲದ ಮುಂಗಾರಿನ ಲೆಕ್ಕ

(ಚಿತ್ರದುರ್ಗ ಜಿಲ್ಲೆಯ ಕೇಳುಗರಿಗಾಗಿ ಬಾನುಲಿ ರೈತ ಕಾರ್ಯಕ್ರಮ. ಶನಿವಾರ, ಏಪ್ರಿಲ್ 19, 2025, ಸಂಜೆ 6.30)

ನಮಸ್ಕಾರ ರೈತ ಬಾಂಧವರೇ. ಮಂಗಳವಾರದಿಂದ ನನಗೆ ಬರುತ್ತಿರುವ ಫೋನುಗಳಲ್ಲಿ ಒಂದೇ ಪ್ರಶ್ನೆ. "ಸಾರ್, ಈ ವರ್ಷ ಮಳೆ ಬರುತ್ತೋ ಇಲ್ವೋ, ಅಷ್ಟು ಹೇಳಿಬಿಡಿ." ಅಷ್ಟೊಂದನ್ನು ಹೇಳುವುದು ನನ್ನಿಂದ ಆಗುವುದಿಲ್ಲ. ಹವಾಮಾನ ಇಲಾಖೆಯೂ ಅದನ್ನು ಹೇಳಿಲ್ಲ. ಅವರು ಹೇಳಿರುವುದು ಬೇರೆ. ಅದನ್ನು ಇವತ್ತು ಪೂರ್ತಿ ಓದುತ್ತೇನೆ, ಒಂದು ಸಾಲೂ ಬಿಡದೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಒಮ್ಮೆ ಬಿಟ್ಟು ಓದಿ ಮಾತು ಕೇಳಿಸಿಕೊಂಡಿದ್ದೇನೆ. 2023ರ ಏಪ್ರಿಲ್‌ನಲ್ಲಿ ಇದೇ ಮೈಕಿನ ಮುಂದೆ ಕೂತು "ಈ ಸಲ ವಾಡಿಕೆ ಮಳೆ, ಶೇ. 96" ಎಂದು ಓದಿ ಮುಗಿಸಿದ್ದೆ. ಸೆಪ್ಟೆಂಬರ್‌ನಲ್ಲಿ ಚಳ್ಳಕೆರೆ ಕಡೆಯ ಯಜಮಾನರೊಬ್ಬರು ಇಲ್ಲಿಗೇ ಬಂದರು. ಕೈಯಲ್ಲಿ ಒಂದು ಶೇಂಗಾ ಗಿಡ, ಬೇರುಸಮೇತ ಕಿತ್ತು ತಂದಿದ್ದು. ಎಲೆ ಮುದುಡಿತ್ತು, ಬುಡದಲ್ಲಿ ಎರಡೇ ಕಾಯಿ. ಒಂದನ್ನು ಒತ್ತಿದರು, ಒಳಗೆ ಬೀಜ ಇಲ್ಲ. "ನಿಮ್ಮ ವಾಡಿಕೆ ಎಲ್ಲಿಗೆ ಹೋಯ್ತು ಸಾರ್?" ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರು ಹೋದ ಮೇಲೆ ಆ ಏಪ್ರಿಲ್‌ನ ಹಾಳೆಯನ್ನು ಹುಡುಕಿ ತೆಗೆದೆ. ಶೇ. 96 ಎಂಬ ಅಂಕಿಯ ಕೆಳಗೆ ಐದು ಸಾಲಿನ ಒಂದು ಪಟ್ಟಿ ಇತ್ತು. ಮಳೆ ಕೊರತೆಯಾಗುವ ಸಾಧ್ಯತೆ ಶೇ. 22. ವಾಡಿಕೆಗಿಂತ ಕಡಿಮೆ ಆಗುವುದು ಶೇ. 29. ವಾಡಿಕೆ ಶೇ. 35. ವಾಡಿಕೆಗಿಂತ ಜಾಸ್ತಿ ಶೇ. 11. ಅತಿ ಹೆಚ್ಚು ಶೇ. 3. ಮೊದಲೆರಡು ಸಾಲು ಕೂಡಿಸಿ ನೋಡಿ, 51 ಆಗುತ್ತದೆ. ಅಂದರೆ "ವಾಡಿಕೆ ಮಳೆ" ಎಂಬ ತಲೆಬರಹದ ಕೆಳಗೇ, ಮಳೆ ಕಡಿಮೆ ಬೀಳುವ ಸಾಧ್ಯತೆ ಅರ್ಧಕ್ಕಿಂತ ಒಂದು ಕಾಳು ಹೆಚ್ಚು ಎಂದು ಬರೆದಿತ್ತು. ನಾನು ಅದನ್ನು ಓದಿರಲಿಲ್ಲ, ಅಷ್ಟೇ.

ಈಗ ಈ ವರ್ಷದ್ದಕ್ಕೆ ಬರೋಣ. ಭಾರತೀಯ ಹವಾಮಾನ ಇಲಾಖೆ ಏಪ್ರಿಲ್ 15ರಂದು ಕೊಟ್ಟ ಮುನ್ಸೂಚನೆಯ ಪ್ರಕಾರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶದ ಸರಾಸರಿ ಮಳೆ ವಾಡಿಕೆಯ ಶೇ. 105 ಇರಬಹುದು. ಅಂದಾಜಿನಲ್ಲಿ 5 ಆ ಕಡೆ, 5 ಈ ಕಡೆ ತಪ್ಪಬಹುದು ಎಂದು ಅವರೇ ಬರೆದಿದ್ದಾರೆ. ಹಾಗಾಗಿ ಅದು 100 ಕೂಡ ಆಗಬಹುದು, 110 ಕೂಡ ಆಗಬಹುದು. ವಾಡಿಕೆ ಅಂದರೆ 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿ, 87 ಸೆಂಟಿಮೀಟರ್. ಅದರ ಶೇ. 96ರಿಂದ 104ರೊಳಗೆ ಬಿದ್ದರೆ ವಾಡಿಕೆ ಮಳೆ ಎನ್ನುತ್ತಾರೆ. ಶೇ. 90ಕ್ಕಿಂತ ಕೆಳಗಾದರೆ ಕೊರತೆ, 110 ದಾಟಿದರೆ ಅತಿ ಹೆಚ್ಚು.

ಐದು ಸಾಲುಗಳನ್ನು ನಿಧಾನವಾಗಿ ಓದುತ್ತೇನೆ, ಬೇಕಾದವರು ಬರೆದುಕೊಳ್ಳಿ. ಕೊರತೆ, ಶೇ. 2. ವಾಡಿಕೆಗಿಂತ ಕಡಿಮೆ, ಶೇ. 9. ವಾಡಿಕೆ, ಶೇ. 30. ವಾಡಿಕೆಗಿಂತ ಜಾಸ್ತಿ, ಶೇ. 33. ಅತಿ ಹೆಚ್ಚು, ಶೇ. 26.

ಕೊನೆಯ ಎರಡು ಸೇರಿದರೆ 59. ಏನೂ ಸುಳಿವಿಲ್ಲದೆ ಬರೀ ಹಳೆಯ ವರ್ಷಗಳ ಲೆಕ್ಕ ಹಿಡಿದರೆ ಈ ಎರಡೂ ಸೇರಿ ಮೂರರಲ್ಲೊಂದು ಪಾಲು ಬರುತ್ತಿತ್ತು. ಹಾಗಾಗಿ ಈ ಸಲ ತಕ್ಕಡಿ ಒಳ್ಳೆಯ ಕಡೆಗೇ ವಾಲಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲೆರಡು ಸಾಲು ಸೇರಿ 11 ಉಳಿದಿದೆ. ಹನ್ನೊಂದು ಅಂದರೆ ಸೊನ್ನೆ ಅಲ್ಲ.

ಈ ನೂರಕ್ಕಿಷ್ಟು ಎನ್ನುವ ಲೆಕ್ಕ ನಿಮಗೇನೂ ಹೊಸದಲ್ಲ. ಬಿತ್ತನೆಗೆ ಮುಂಚೆ ನೂರು ಶೇಂಗಾ ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಬಂತು ಎಂದು ನೋಡುತ್ತೀರಿ, ಅಲ್ವಾ? ಎಪ್ಪತ್ತು ಬಂದರೆ ಬೀಜ ಪರವಾಗಿಲ್ಲ ಎನ್ನುತ್ತೀರಿ. ಯಾವ ಮೂವತ್ತು ಕಾಳು ಕೈಕೊಡುತ್ತವೆ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಸ್ವಲ್ಪ ದಟ್ಟವಾಗಿ ಬಿತ್ತುತ್ತೀರಿ. ಮಳೆಯ ಲೆಕ್ಕವೂ ಅದೇ ಜಾತಿಯದು. ಒಂದೇ ಒಂದು ವ್ಯತ್ಯಾಸ, ಮತ್ತು ಅದೇ ದೊಡ್ಡದು. ಹೊಲಕ್ಕೆ ಬೀಳುವುದು ಸಾವಿರಾರು ಕಾಳು, ಒಂದು ಹುಟ್ಟದಿದ್ದರೆ ಪಕ್ಕದ್ದು ಹುಟ್ಟುತ್ತದೆ. ವರ್ಷ ಮಾತ್ರ ಒಂದೇ ಕಾಳು. ಹುಟ್ಟಿದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. 59 ಎಂದು ಕೇಳಿ ಇದ್ದಬದ್ದ ಸಾಲವನ್ನೆಲ್ಲ ಒಂದೇ ಬೆಳೆಯ ಮೇಲೆ ಸುರಿಯಬೇಡಿ ಎನ್ನುವುದು ಇದಕ್ಕೇ.

ಇನ್ನೊಂದು ಮಾತು. 105 ಎನ್ನುವುದು ದೇಶದ ಲೆಕ್ಕ, ನಿಮ್ಮ ಹೊಲದ್ದಲ್ಲ. ಮತ್ತೆ 2023ನ್ನೇ ನೋಡಿ. ಕೊನೆಗೆ ದೇಶಕ್ಕೆ ಬಿದ್ದ ಮಳೆ ವಾಡಿಕೆಯ ಶೇ. 94. ಹೇಳಿದ್ದು 96, ಬಂದಿದ್ದು 94. ಕಾಗದದ ಮೇಲೆ ಆ ಮುನ್ಸೂಚನೆ ಸರಿಯೇ ಆಯಿತು! ಅದೇ ಮುಂಗಾರಿನಲ್ಲಿ ಕರ್ನಾಟಕಕ್ಕೆ ಸುಮಾರು ಕಾಲು ಭಾಗ ಮಳೆ ಕಡಿಮೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆಗಸ್ಟ್ ತಿಂಗಳಂತೂ ದೇಶದ ಮಟ್ಟದಲ್ಲೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ನಮ್ಮ ಯಜಮಾನರ ಶೇಂಗಾ ಹೂವಾಗಿ ಕಾಯಿ ಕಟ್ಟುವ ಹೊತ್ತು ಅದು. ಒಟ್ಟು ಮಳೆ ಎಷ್ಟು ಎನ್ನುವುದರ ಜೊತೆಗೆ ಯಾವ ವಾರ ಬಂತು, ಯಾವ ವಾರ ಕೈಕೊಟ್ಟಿತು ಎನ್ನುವುದು ಬೆಳೆಯನ್ನು ತೀರ್ಮಾನಿಸುತ್ತದೆ. ಏಪ್ರಿಲ್‌ನ ಮುನ್ಸೂಚನೆ ಆ ವಾರಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಮ್ಮ ರಾಜ್ಯದೊಳಗೇ ನೋಡಿದರೂ ಲೆಕ್ಕ ಒಂದೇ ಅಲ್ಲ. ಅರಬ್ಬಿ ಸಮುದ್ರದಿಂದ ಬರುವ ಗಾಳಿ ಘಟ್ಟ ಹತ್ತುವಾಗಲೇ ತನ್ನ ನೀರನ್ನೆಲ್ಲ ಸುರಿದುಬಿಡುತ್ತದೆ. ಕರಾವಳಿಗೆ ನಾಲ್ಕು ತಿಂಗಳಲ್ಲಿ 3,000 ಮಿಲಿಮೀಟರ್ ದಾಟುತ್ತದೆ. ಘಟ್ಟ ಇಳಿದು ನಮ್ಮ ಕಡೆ ಬರುವಷ್ಟರಲ್ಲಿ ಗಾಳಿ ಹಗುರ. ಬಯಲುಸೀಮೆಯ ದಕ್ಷಿಣ ಭಾಗಕ್ಕೆ ಆ ನಾಲ್ಕು ತಿಂಗಳಲ್ಲಿ 400 ಮಿಲಿಮೀಟರ್ ಕೂಡ ಸಿಗುವುದಿಲ್ಲ. ಹೀಗಿದ್ದೂ ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಆಗುಂಬೆಯೂ "ದಕ್ಷಿಣ ಒಳನಾಡು", ಚಳ್ಳಕೆರೆಯೂ "ದಕ್ಷಿಣ ಒಳನಾಡು". "ದಕ್ಷಿಣ ಒಳನಾಡಿನಲ್ಲಿ ಉತ್ತಮ ಮಳೆ" ಎಂದು ಟೀವಿಯಲ್ಲಿ ಬಂದಾಗ ಮೊದಲು ಕೇಳಿಕೊಳ್ಳಿ, ಅದು ತೀರ್ಥಹಳ್ಳಿಯ ಮಳೆಯೋ ನಮ್ಮದೋ ಎಂದು. ನಮ್ಮ ಜಿಲ್ಲೆಯಲ್ಲೇ ಹೊಳಲ್ಕೆರೆಯ ಮಳೆ ಚಳ್ಳಕೆರೆಗೆ ಬರುವುದಿಲ್ಲ, ಇದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಇಲಾಖೆ ಒಂದು ಬಣ್ಣದ ನಕ್ಷೆಯನ್ನೂ ಕೊಟ್ಟಿದೆ. ದೇಶದ ಬಹುಪಾಲು ಕಡೆ ವಾಡಿಕೆಗಿಂತ ಜಾಸ್ತಿ ಮಳೆಯ ಸಾಧ್ಯತೆ ಹೆಚ್ಚು. ವಾಯವ್ಯ, ಈಶಾನ್ಯ ಮತ್ತು ದಕ್ಷಿಣ ಭಾರತದ ಕೆಲವು ಭಾಗಗಳಲ್ಲಿ ಮಾತ್ರ ಕಡಿಮೆಯ ಕಡೆಗೆ ವಾಲಿದೆ. ಇಂಥ ನಕ್ಷೆಯಲ್ಲಿ ಬಣ್ಣವಿಲ್ಲದೆ ಬಿಳಿ ಬಿಟ್ಟ ಜಾಗ ಕಂಡರೆ "ಅಲ್ಲಿ ಮಳೆ ಇಲ್ಲ" ಎಂದು ಅರ್ಥ ಮಾಡಬೇಡಿ. ಅಲ್ಲಿ ಯಾವ ಕಡೆಗೂ ಸುಳಿವು ಸಿಕ್ಕಿಲ್ಲ ಎಂದಷ್ಟೇ. ನೀಲಿ ಬಣ್ಣವೂ ಭರವಸೆಯಲ್ಲ, ಮತ್ತು ಆ ನಕ್ಷೆ ತಾಲ್ಲೂಕಿನ ಅಳತೆಗೆ ಇಳಿಯುವುದಿಲ್ಲ. ಮೊಬೈಲಿನಲ್ಲಿ ಹಿಗ್ಗಿಸಿ ಸುಮ್ನೆ ನಿಮ್ಮೂರು ಹುಡುಕಬೇಡಿ.

ಎಲ್ ನಿನೊ ಬಗ್ಗೆಯೂ ಕೇಳಿದ್ದೀರಿ. ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗಿ, ಬಹಳ ಸಲ ನಮ್ಮ ಮುಂಗಾರನ್ನು ಕುಗ್ಗಿಸುವುದಕ್ಕೆ ಹಾಗೆನ್ನುತ್ತಾರೆ. ಈ ಮುಂಗಾರಿಗೆ ಅದು ಬರುವ ಲಕ್ಷಣ ಇಲ್ಲ ಎಂದಿದ್ದಾರೆ, ಒಳ್ಳೆಯದೇ. ಆದರೆ ಅದೊಂದೇ ಎಲ್ಲ ಅಲ್ಲ. 1997ರಲ್ಲಿ ಭಾರಿ ಎಲ್ ನಿನೊ ಇದ್ದೂ ದೇಶಕ್ಕೆ ವಾಡಿಕೆ ಮಳೆ ಬಂದಿತ್ತು.

ಹಾಗಾದರೆ ಏನು ಮಾಡುವುದು? ಬಿತ್ತನೆ ದಿನ ಗೊತ್ತುಮಾಡಲು ಈ ಮುನ್ಸೂಚನೆ ಬಳಸಲೇಬೇಡಿ. ಬದು ಸರಿ ಮಾಡಿಸಲು, ಕೃಷಿಹೊಂಡದ ಹೂಳು ತೆಗೆಯಲು, ಬೀಜ ನೋಡಿಡಲು ಬಳಸಿ. ಜಾಸ್ತಿ ಮಳೆಯ ಸಾಧ್ಯತೆ ಇರುವ ವರ್ಷ ನೀರು ನಿಲ್ಲುವ ಹೊಲದಲ್ಲಿ ಬಸಿಗಾಲುವೆ ತೆಗೆದಿಡುವುದು ಖರ್ಚಿಗೆ ಮೋಸವಿಲ್ಲ. ಶೇಂಗಾ ಬಿತ್ತನೆಗೆ ಇನ್ನೂ ಎರಡು ತಿಂಗಳಿದೆ. ಸಾಲುಗಳ ನಡುವೆ ತೊಗರಿ ಹಾಕುವ ನಿಮ್ಮ ಹಿರಿಯರ ಪದ್ಧತಿಯನ್ನು ಈ ವರ್ಷವೂ ಬಿಡಬೇಡಿ. ಮೊದಲ ಹದಕ್ಕೇ ಎಲ್ಲ ಎಕರೆಯನ್ನೂ ಬಿತ್ತದೆ ಒಂದು ಪಾಲು ಎರಡನೇ ಹದಕ್ಕೆ ಇಟ್ಟುಕೊಳ್ಳಿ. ನಮ್ಮ ಸೀಮೆಯ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಕ್ಟೋಬರ್ ಈ 105ರ ಲೆಕ್ಕದೊಳಗೆ ಬರುವುದೇ ಇಲ್ಲ.

ಬಿತ್ತನೆ ಹತ್ತಿರ ಬಂದಾಗ ಬೇರೆ ಮುನ್ಸೂಚನೆ ಇವೆ. ಮುಂದಿನ ವಾರಗಳ ಅಂದಾಜು ಪ್ರತಿ ಗುರುವಾರ ಬರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಐದು ದಿನದ ಕೃಷಿ ಹವಾಮಾನ ಸಲಹೆ ಬರುತ್ತದೆ. ದಿನ ಹತ್ತಿರವಾದಷ್ಟೂ ಅಂದಾಜು ಗಟ್ಟಿ. ನಿಮ್ಮ ಹೋಬಳಿಗೆ ಎಷ್ಟು ಬಿತ್ತು ಎಂದು ತಿಳಿಯಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇದೆ.

ದಿನದ ವರದಿ ಕೇಳುವಾಗ ಮಾತಿನ ಅಳತೆಯೂ ಗೊತ್ತಿರಲಿ. "ಒಂದೆರಡು ಕಡೆ ಮಳೆ" ಎಂದು ನಾನು ಓದಿದರೆ, ಆ ಭಾಗದ ಮಳೆಮಾಪಕಗಳಲ್ಲಿ ಹೆಚ್ಚೆಂದರೆ ಕಾಲು ಭಾಗದಲ್ಲಿ ಮಳೆ ಎಂದರ್ಥ. ಉಳಿದ ಮುಕ್ಕಾಲು ಒಣ. ಪಕ್ಕದೂರಿಗೆ ಬಂದು ನಿಮಗೆ ಬಾರದಿದ್ದರೆ ವರದಿ ಸುಳ್ಳಾಗಲಿಲ್ಲ. ಬೇಜಾರಾಗುತ್ತದೆ, ಅದು ಬೇರೆ ಮಾತು.

ಮುಂದಿನ ಭಾನುವಾರದ ಹೊತ್ತಿಗೆ ಅಶ್ವಿನಿ ಮಳೆ ಮುಗಿದು ಭರಣಿ ಹುಟ್ಟುತ್ತದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂದು ಹಿರಿಯರು ಹೇಳುತ್ತಿದ್ದರು. ಗಮನಿಸಿ, ಅವರೂ "ಬಂದರೆ" ಎಂದೇ ಹೇಳಿದ್ದು.

ಮೇ ಕೊನೆಯ ವಾರ ಇಲಾಖೆ ಈ ಅಂಕಿಗಳನ್ನು ಪರಿಷ್ಕರಿಸುತ್ತದೆ. 5ರ ತಪ್ಪು 4ಕ್ಕೆ ಇಳಿಯುತ್ತದೆ, ಐದು ಸಾಲುಗಳೂ ಬದಲಾಗಬಹುದು. ಅದು ಬಂದ ಮೇಲಿನ ಶನಿವಾರ ಇದೇ ಹೊತ್ತಿಗೆ ಬರುತ್ತೇನೆ. ಇವತ್ತು ಬರೆದುಕೊಂಡ ಚೀಟಿ ಇಟ್ಟುಕೊಂಡಿರಿ, ಪಕ್ಕಪಕ್ಕ ಇಟ್ಟು ನೋಡೋಣ. ನಮಸ್ಕಾರ.