ಪಂಪ್ ಕೇಸಿಂಗ್ ಪಿ.ಒ. 418: ಕನ್ನಡ ರೂಪ

ಯಜಮಾನರೇ, ನಮಸ್ಕಾರ.

ಪೀಣ್ಯದ ಪಂಪ್ ಕಂಪನಿಯವರು ಕಳಿಸಿದ 12 ಜೂನ್ 2026ರ ಪರ್ಚೇಸ್ ಆರ್ಡರ್ ಕನ್ನಡದಲ್ಲಿ ಇಲ್ಲಿದೆ. ಅವರು ಬರೆದದ್ದನ್ನು ಬದಲಿಸಿಲ್ಲ. ನನ್ನ ಮಾತು ಬಂದ ಕಡೆ ‘ನನ್ನ ಟಿಪ್ಪಣಿ’ ಅಂತ ಬೇರೆ ಹಾಕಿದ್ದೇನೆ. ತಕರಾರು ಬಂದರೆ ಇಂಗ್ಲಿಷ್ ಪ್ರತಿಯೇ ಅಂತಿಮ ಎಂದು ಆರ್ಡರಿನಲ್ಲೇ ಇದೆ. ಹಾಗಾಗಿ ಸಹಿ ಹಾಕುವ ಮೊದಲು ಎರಡನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮಾಲು ಮತ್ತು ದರ

ಪಂಪ್ ಕೇಸಿಂಗ್ ಕಾಸ್ಟಿಂಗ್, ಐಎಸ್ 210, ಎಫ್‌ಜಿ 260 ಗ್ರೇಡ್. ಸಂಖ್ಯೆ 600. ಡ್ರಾಯಿಂಗ್ ತೂಕ ಒಂದಕ್ಕೆ 14 ಕೆ.ಜಿ. ದರ ಕೆ.ಜಿ.ಗೆ 118 ರೂಪಾಯಿ, ಪೀಣ್ಯಕ್ಕೆ ತಲುಪಿಸುವ ಲಾರಿ ಬಾಡಿಗೆಯೂ ಸೇರಿ. ಒಟ್ಟು 9,91,200 ರೂ., ಶೇ. 18 ಜಿಎಸ್‌ಟಿ 1,78,416 ರೂ. ಎಲ್ಲ ಸೇರಿ 11,69,616 ರೂ. ಕಾಸ್ಟಿಂಗ್ ಡ್ರಾಯಿಂಗ್ ತೂಕಕ್ಕಿಂತ ಜಾಸ್ತಿ ಬಂದರೆ ಶೇ. 3ರವರೆಗೆ ಹಣ ಕೊಡಲಾಗುವುದು, ಅದರ ಮೇಲಿನದಕ್ಕೆ ಇಲ್ಲ. ಪ್ಯಾಟರ್ನ್ ಖರೀದಿದಾರರ ಸ್ವತ್ತು. ಅದನ್ನು ಬೇರೆಯವರ ಕೆಲಸಕ್ಕೆ ಬಳಸುವಂತಿಲ್ಲ.

ಡೆಲಿವರಿ

ಮೊದಲು 5 ಸ್ಯಾಂಪಲ್, ಜುಲೈ 4ಕ್ಕೆ. ಅವು ಒಪ್ಪಿಗೆಯಾದ ಮೇಲೆ:

ಜುಲೈ 25: 150 (ಸ್ಯಾಂಪಲ್ ಸೇರಿ)
ಆಗಸ್ಟ್ 14: 200
ಸೆಪ್ಟೆಂಬರ್ 5: 250

ಈ ತಾರೀಕು ಮಾಲು ಪೀಣ್ಯದ ಗೇಟಿಗೆ ತಲುಪುವ ದಿನ, ಶಿವಮೊಗ್ಗದಲ್ಲಿ ಲೋಡ್ ಆಗುವ ದಿನ ಅಲ್ಲ. ತಡವಾದರೆ ವಾರಕ್ಕೆ ಆ ಲಾಟ್ ಬೆಲೆಯ ಶೇ. 0.5, ಗರಿಷ್ಠ ಶೇ. 5 ಕಡಿತ. ಜೊತೆಗೆ ಇನ್‌ವಾಯ್ಸ್, ಇ-ವೇ ಬಿಲ್, ಟೆಸ್ಟ್ ಸರ್ಟಿಫಿಕೇಟ್ ಬರಬೇಕು. ಸರ್ಟಿಫಿಕೇಟ್ ಇಲ್ಲದ ಲಾರಿಯನ್ನು ಇಳಿಸಿಕೊಳ್ಳುವುದಿಲ್ಲ.

ನನ್ನ ಟಿಪ್ಪಣಿ: ಸ್ಯಾಂಪಲ್ ನೋಡಿ ಒಪ್ಪಿಗೆ ಕೊಡಲು ಅವರಿಗೆ ಯಾವ ಗಡುವೂ ಇಲ್ಲ. ಅವರು ಎರಡು ವಾರ ಸುಮ್ನೆ ಕೂತರೂ ಜುಲೈ 25 ಅಲ್ಲೇ ಇರುತ್ತದೆ, ಕಡಿತ ನಿಮಗೆ. ಇದನ್ನು ನಾನಾಗಿ ಸರಿಪಡಿಸುವ ಹಾಗಿಲ್ಲ. ನೀವೇ ಕೇಳಬೇಕು.

ತಪಾಸಣೆ

ಪ್ರತಿ ಹೀಟ್‌ಗೆ ಒಂದು ಟೆಸ್ಟ್ ಬಾರ್ ಬೇರೆಯಾಗಿ ಎರಕ ಹೊಯ್ಯಬೇಕು. ಟೆನ್ಸೈಲ್ ಕನಿಷ್ಠ 260 ಎನ್/ಮಿ.ಮೀ.², ಹಾರ್ಡ್‌ನೆಸ್ 180ರಿಂದ 230 ಬಿಎಚ್‌ಎನ್. ಹೀಟ್ ನಂಬರ್ ಪ್ರತಿ ಕಾಸ್ಟಿಂಗ್ ಮೇಲೂ ಕಾಣಬೇಕು. ಖರೀದಿದಾರರ ಇನ್‌ಸ್ಪೆಕ್ಟರ್ ಲೋಡಿಂಗ್‌ಗೆ ಮೊದಲು ಫೌಂಡ್ರಿಗೆ ಬಂದು ನೋಡಬಹುದು. ಅದಕ್ಕೆ 3 ದಿನ ಮುಂಚೆ ತಿಳಿಸಬೇಕು. ಅವರು ಅಲ್ಲಿ ಪಾಸ್ ಮಾಡಿದರೂ ಅದು ಅಂತಿಮ ಒಪ್ಪಿಗೆ ಅಲ್ಲ.

ಮೆಷಿನಿಂಗ್ ಆದ ಮೇಲೆ ಖರೀದಿದಾರರ ಶಾಪಿನಲ್ಲಿ 15 ಬಾರ್‌ನಲ್ಲಿ 5 ನಿಮಿಷ ಹೈಡ್ರೋ ಟೆಸ್ಟ್. ನೀರು ಜಿನುಗಿದರೆ ರಿಜೆಕ್ಟ್. ಬ್ಲೋ ಹೋಲ್‌ಗೆ ವೆಲ್ಡಿಂಗ್ ಅಥವಾ ಪುಟ್ಟಿ ಹಾಕಿ ಮುಚ್ಚುವಂತಿಲ್ಲ. ಮಾಲು ಬಂದ 6 ತಿಂಗಳೊಳಗೆ ಒಳದೋಷ ಕಂಡರೂ ವಾಪಸ್ ಕಳಿಸುವ ಹಕ್ಕಿದೆ. ವಾಪಸ್ ಸಾಗಣೆ ಮತ್ತು ಅಷ್ಟು ಹೊತ್ತಿಗೆ ಆದ ಮೆಷಿನಿಂಗ್ ಖರ್ಚಿಗೆ ಡೆಬಿಟ್ ನೋಟ್ ಹಾಕಲಾಗುವುದು.

ನನ್ನ ಟಿಪ್ಪಣಿ: ಬಾಕಿ ಷರತ್ತುಗಳು ಎಲ್ಲ ಕಡೆ ಇರುವಂಥವೇ. ಈ ಮೆಷಿನಿಂಗ್ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. 1,650 ರೂಪಾಯಿ ಚಿಲ್ಲರೆಯ ಕಾಸ್ಟಿಂಗ್‌ಗೆ ಅದಕ್ಕಿಂತ ದೊಡ್ಡ ಡೆಬಿಟ್ ಬರಬಹುದು, ಅಲ್ವಾ?

ಹಣ ಪಾವತಿ

ಜಿಆರ್‌ಎನ್ ಆದ ದಿನದಿಂದ 60 ದಿನ.

ನನ್ನ ಟಿಪ್ಪಣಿ: ಇಂಗ್ಲಿಷ್‌ನಲ್ಲಿ 60 ಇದೆ, ಹಾಗಾಗಿ ಇಲ್ಲೂ 60. ಆದರೆ ನೀವು ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಇಬ್ಬರೂ ಬರೆದು ಒಪ್ಪಿಕೊಂಡರೂ ಮಾಲು ಒಪ್ಪಿಗೆಯಾದ ದಿನದಿಂದ 45 ದಿನ ಮೀರುವಂತಿಲ್ಲ. ತಲುಪಿದ 15 ದಿನದೊಳಗೆ ಅವರು ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿಗೆಯ ದಿನ. ಅವರಿಗೂ ಇದರಲ್ಲಿ ಕಷ್ಟವಿದೆ. ಈ ಗಡುವು ಮೀರಿದರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. ಹೀಗಾಗಿ ಜಗಳವಿಲ್ಲದೆ ಕೇಳಬಹುದಾದ ಮಾತು.

ಅವರಿಗೆ ಹೋಗಬೇಕಾದ ಉತ್ತರ

ನೀವು ಫೋನಿನಲ್ಲಿ ಹೇಳಿದ್ದು, ಮೇಲಿನ ಟಿಪ್ಪಣಿಗಳು ಎರಡನ್ನೂ ಸೇರಿಸಿ ಹೀಗೆ ಬರೆದಿದ್ದೇನೆ. ನೀವು ಹೂಂ ಅಂದರೆ ಇದನ್ನೇ ಇಂಗ್ಲಿಷ್‌ನಲ್ಲಿ ಕಳಿಸುತ್ತೇನೆ:

“ಮಾನ್ಯರೇ, ಪಿ.ಒ. 418ರ ದರ, ಸಂಖ್ಯೆ, ಗ್ರೇಡ್ ನಮಗೆ ಒಪ್ಪಿಗೆ. ಮೂರು ಬದಲಾವಣೆ ಕೋರುತ್ತೇವೆ. ಸ್ಯಾಂಪಲ್ ತಲುಪಿದ 7 ದಿನದೊಳಗೆ ಫಲಿತಾಂಶ ತಿಳಿಸಬೇಕು. ತಡವಾದಷ್ಟು ದಿನ ಮೂರೂ ಲಾಟ್‌ಗಳ ತಾರೀಕು ಮುಂದಕ್ಕೆ ಹೋಗಬೇಕು. ಮೆಷಿನಿಂಗ್ ಖರ್ಚಿನ ಡೆಬಿಟ್ ಆ ಕಾಸ್ಟಿಂಗ್ ಬೆಲೆಯ ಅರ್ಧ ಮೀರಬಾರದು, ಮತ್ತು ರಿಜೆಕ್ಟ್ ಆದ ಕಾಸ್ಟಿಂಗ್ ನಮಗೆ ವಾಪಸ್ ಬರಬೇಕು. ಪಾವತಿ 45 ದಿನದೊಳಗೆ ಆಗಬೇಕು. ತಿದ್ದಿದ ಪಿ.ಒ. ಜೂನ್ 20ರೊಳಗೆ ಸಿಕ್ಕರೆ ಸ್ಯಾಂಪಲ್ ಜುಲೈ 4ಕ್ಕೇ ತಲುಪಿಸುತ್ತೇವೆ.”

ಅರ್ಧ ಅನ್ನುವುದು ನಿಮ್ಮ ಲೆಕ್ಕ. ಚೌಕಾಸಿಗೆ ಜಾಗ ಬೇಕಿದ್ದರೆ ಕಾಲು ಭಾಗ ಅಂತ ಶುರು ಮಾಡಿ. ನಾಳೆ ಮಧ್ಯಾಹ್ನದೊಳಗೆ ತಿಳಿಸಿ.