ವಿಷಯ: ಹೊಸಕೊಪ್ಪ ಗ್ರಾಮದ ಸರ್ವೆ ನಂ. 47/2ರ ಹದ್ದುಬಸ್ತು ಅಳತೆಯನ್ನು ಭತ್ತದ ಕೊಯ್ಲಿನ ನಂತರಕ್ಕೆ ಮುಂದೂಡಲು ಕೋರಿಕೆ

ದಿನಾಂಕ: 06-11-2025

ಇವರಿಗೆ,
ಮಾನ್ಯ ಭೂದಾಖಲೆಗಳ ಸಹಾಯಕ ನಿರ್ದೇಶಕರು,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ಉಲ್ಲೇಖ: 1. ನಮ್ಮ ತಂದೆಯವರ ಹದ್ದುಬಸ್ತು ಅರ್ಜಿ, ದಿನಾಂಕ 08-09-2025
2. ತಮ್ಮ ಕಚೇರಿಯ ಅಳತೆ ನೋಟಿಸ್, ದಿನಾಂಕ 03-11-2025

ಮಾನ್ಯರೇ,

ಹೊಸಕೊಪ್ಪ ಗ್ರಾಮದ ಸರ್ವೆ ನಂ. 47/2ರಲ್ಲಿರುವ 1 ಎಕರೆ 12 ಗುಂಟೆ ಗದ್ದೆಯ ಹದ್ದುಬಸ್ತಿಗಾಗಿ ನನ್ನ ತಂದೆ ಗಣಪತಿಯವರು ಅರ್ಜಿ ಸಲ್ಲಿಸಿದ್ದರು. ದಿನಾಂಕ 17-11-2025ರ ಸೋಮವಾರ ಬೆಳಿಗ್ಗೆ 11 ಗಂಟೆಗೆ ಭೂಮಾಪಕರು ಸ್ಥಳಕ್ಕೆ ಬರುವುದಾಗಿ ತಿಳಿಸಿದ ನೋಟಿಸ್ ನಮಗೂ ಬಾಜುದಾರರಿಗೂ ತಲುಪಿದೆ. ಇಷ್ಟು ಬೇಗ ದಿನ ನಿಗದಿ ಮಾಡಿಕೊಟ್ಟಿದ್ದಕ್ಕೆ ವಂದನೆಗಳು. ತಂದೆಯವರಿಗೆ ಇಮೇಲ್ ಬಳಕೆ ಇಲ್ಲದ ಕಾರಣ ಅವರ ಪರವಾಗಿ ನಾನು ಬರೆಯುತ್ತಿದ್ದೇನೆ. ಅವರ ಸಹಿಯಿರುವ ಒಪ್ಪಿಗೆ ಪತ್ರ ಲಗತ್ತಿಸಿದೆ.

ಆದರೆ ಆ ದಿನ ಗದ್ದೆಗೆ ಇಳಿಯುವುದು ಕಷ್ಟ. ಈ ಬಾರಿ ಮಳೆ ಹೆಚ್ಚಾಗಿ ನಾಟಿ ತಡವಾಗಿತ್ತು. ತೆನೆ ಈಗಷ್ಟೇ ಹಾಲುಗಟ್ಟಿ ಬಾಗುತ್ತಿದೆ, ಬುಡದಲ್ಲಿ ಇನ್ನೂ ಪಾದ ಮುಳುಗುವಷ್ಟು ನೀರಿದೆ. ಪೂರ್ವದ ಗಡಿಯ ಹಳೆಯ ಬಾಂದುಕಲ್ಲು ಅಂಚಿನ ಮೇಲಿದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಅದು ಬಾಜುದಾರರ ಗದ್ದೆಯೊಳಗೆ, ಅಂಚಿನಿಂದ ಸುಮಾರು ಹತ್ತು ಹೆಜ್ಜೆ ದೂರದಲ್ಲಿ ಕೆಸರಿನಲ್ಲಿ ಹೂತಿದೆ. ಅದನ್ನು ಅಗೆದು ತೋರಿಸದೆ ಅಳತೆ ಸಾಗದು. ಅಗೆಯಲು ಹೋದರೆ ಅವರ ಪೈರು ತುಳಿಯಬೇಕಾಗುತ್ತದೆ. ಗಡಿಯ ವಿಚಾರದಲ್ಲಿ ನಮಗೂ ಅವರಿಗೂ ಸಣ್ಣ ಭಿನ್ನಾಭಿಪ್ರಾಯ ಇರುವುದು ನಿಜ, ಆದರೆ ಅವರ ಬೆಳೆ ಹಾಳು ಮಾಡಿ ಅಳತೆ ಮಾಡಿಸಿಕೊಳ್ಳಲು ತಂದೆಯವರಿಗೆ ಮನಸ್ಸಿಲ್ಲ. ಅವರ ಕಡೆಯವರೂ ಕೊಯ್ಲು ಮುಗಿಯಲಿ ಎಂದೇ ಹೇಳುತ್ತಿದ್ದಾರೆ. ಅವರ ಲಿಖಿತ ಸಮ್ಮತಿಯನ್ನೂ ಇದರೊಂದಿಗೆ ಕಳುಹಿಸಿದ್ದೇನೆ.

ಆದ್ದರಿಂದ ದಿನಾಂಕ 17-11-2025ರ ಅಳತೆಯನ್ನು ಮುಂದೂಡಿ, ದಿನಾಂಕ 15-12-2025ರ ನಂತರ ತಮಗೆ ಅನುಕೂಲವಾದ ಯಾವುದೇ ಕೆಲಸದ ದಿನಕ್ಕೆ ಮರುನಿಗದಿಪಡಿಸಿಕೊಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಅಷ್ಟರೊಳಗೆ ಎರಡೂ ಗದ್ದೆಗಳ ಕೊಯ್ಲು ಮುಗಿದು ನೆಲ ಒಣಗಿರುತ್ತದೆ. ಕಲ್ಲಿನ ಸುತ್ತ ಮಣ್ಣು ಬಿಡಿಸಿ, ಸರಪಳಿ ಹಿಡಿಯಲು ಇಬ್ಬರು ಆಳುಗಳನ್ನು ನಾವೇ ಸಿದ್ಧವಾಗಿರಿಸುತ್ತೇವೆ.

ಹೊಸ ದಿನಾಂಕವನ್ನು ಅರ್ಜಿಯಲ್ಲಿರುವ ತಂದೆಯವರ ಮೊಬೈಲ್ ಸಂಖ್ಯೆಗೆ ತಿಳಿಸಿದರೆ ಸಾಕು. ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲವಾದ್ದರಿಂದ ಕರೆಗಿಂತ ಸಂದೇಶವೇ ಒಳ್ಳೆಯದು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸಹನಾ ಗಣಪತಿ
(ಅರ್ಜಿದಾರರ ಮಗಳು)
ಹೊಸಕೊಪ್ಪ ಗ್ರಾಮ, ಸಾಗರ ತಾಲ್ಲೂಕು

ಲಗತ್ತುಗಳು: ಅಳತೆ ನೋಟಿಸಿನ ಪ್ರತಿ, ತಂದೆಯವರ ಒಪ್ಪಿಗೆ ಪತ್ರ, ಪೂರ್ವದ ಬಾಜುದಾರರ ಸಮ್ಮತಿ ಪತ್ರ, ಗದ್ದೆಯ ಎರಡು ಫೋಟೊ (ದಿನಾಂಕ 05-11-2025)