ವಿಷಯ: ನನ್ನ ಪತ್ನಿಯ ಆಸ್ಪತ್ರೆ ವೆಚ್ಚದ ಕ್ಲೇಮ್ ನಿರಾಕರಣೆಗೆ ಆಕ್ಷೇಪಣೆ

ಕುಂದುಕೊರತೆ ಪರಿಹಾರ ಅಧಿಕಾರಿಗಳು, ಪುಣೆ ಶಾಖೆ

ಮಾನ್ಯರೆ,

2025ರ ಆಗಸ್ಟ್‌ನಲ್ಲಿ ನಡೆದ ಆಂಜಿಯೋಪ್ಲಾಸ್ಟಿಯ ₹2,84,600 ಕ್ಲೇಮನ್ನು, ಹತ್ತು ವರ್ಷಗಳ ರಕ್ತದೊತ್ತಡವನ್ನು ಮುಚ್ಚಿಟ್ಟಿದ್ದೇವೆಂಬ ಕಾರಣ ನೀಡಿ ತಾವು ನಿರಾಕರಿಸಿದ್ದೀರಿ. ಈ ಆರೋಪವನ್ನು ನಾನು ಒಪ್ಪುವುದಿಲ್ಲ.

ತಾವು ಆಧಾರವಾಗಿಟ್ಟುಕೊಂಡಿರುವುದು ಕೇಸ್‌ಶೀಟಿನ ಮೊದಲ ಪುಟದಲ್ಲಿ ಕರ್ತವ್ಯನಿರತ ವೈದ್ಯರು ಬರೆದ ‘ಬಿ.ಪಿ. - 10 ವರ್ಷ’ ಎಂಬ ಒಂದೇ ಸಾಲು. ಎದೆನೋವಿನಿಂದ ಮಾತಾಡಲಾಗದ ಪತ್ನಿಯ ಪರವಾಗಿ ನೆರೆಯವರು ಮರಾಠಿಯಲ್ಲಿ ಅಂದಾಜಿನ ಮೇಲೆ ಹೇಳಿದ್ದು ಅದು. ಅದರ ಕೆಳಗೆ ನಮ್ಮಿಬ್ಬರ ಸಹಿಯೂ ಇಲ್ಲ. ಆಕೆಗೆ ರಕ್ತದೊತ್ತಡ ಮೊದಲು ಪತ್ತೆಯಾದದ್ದು 2021ರಲ್ಲಿ ಎಂದು ಕೋಥ್ರೂಡ್‌ನ ನಮ್ಮ ಕುಟುಂಬ ವೈದ್ಯರು ದೃಢೀಕರಿಸಿದ್ದು, ಆ ಪ್ರಮಾಣಪತ್ರವನ್ನೂ ಅಂದಿನ ಔಷಧಚೀಟಿಯನ್ನೂ ಲಗತ್ತಿಸಿದ್ದೇನೆ. ಪಾಲಿಸಿ ಪಡೆದದ್ದು 2018ರ ಜೂನ್‌ನಲ್ಲಿ. ಆಗ ಇಲ್ಲದ ಕಾಯಿಲೆಯನ್ನು ತಿಳಿಸುವುದಾದರೂ ಹೇಗೆ?

ಅಲ್ಲದೆ, ಸತತ 60 ತಿಂಗಳ ವಿಮೆ ಪೂರ್ಣಗೊಂಡ ಬಳಿಕ, ವಂಚನೆ ಸಾಬೀತಾದ ಹೊರತು, ಮಾಹಿತಿ ಮರೆಮಾಚಿದ ಕಾರಣಕ್ಕೆ ಕ್ಲೇಮ್ ಪ್ರಶ್ನಿಸುವಂತಿಲ್ಲವೆಂಬುದು ಐಆರ್‌ಡಿಎಐ ನಿಯಮ. ನಮ್ಮ ಪಾಲಿಸಿ ಒಂದು ದಿನವೂ ತಪ್ಪದೆ ನವೀಕರಣಗೊಂಡು ಏಳು ವರ್ಷ ದಾಟಿದೆ. ತಮ್ಮ ಪತ್ರದಲ್ಲಿ ವಂಚನೆಯ ಮಾತೇ ಇಲ್ಲ.

ಆದ್ದರಿಂದ ನಿರಾಕರಣೆಯನ್ನು ಹಿಂಪಡೆದು ಪೂರ್ಣ ಮೊತ್ತ ಪಾವತಿಸಬೇಕೆಂದು ಕೋರುತ್ತೇನೆ. ಒಂದು ತಿಂಗಳೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ಪುಣೆಯ ವಿಮಾ ಲೋಕಪಾಲರಿಗೆ ದೂರು ಸಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ,
ಪಾಲಿಸಿದಾರ, ಕೋಥ್ರೂಡ್, ಪುಣೆ